ಕ್ಲೇ ಮಾಸ್ಕ್, ಶೀಟ್ ಮಾಸ್ಕ್: ಗಡಿಯಾರಕ್ಕಿಂತ ಹಸಿಯನ್ನು ನೋಡಿ

ಪ್ರಶ್ನೆ: ನನ್ನ ಹಣೆ, ಮೂಗು ಸದಾ ಎಣ್ಣೆ ಎಣ್ಣೆ, ಕೆನ್ನೆ ಮಾತ್ರ ಒಣಗುತ್ತದೆ. ವಾರಕ್ಕೆ ಮೂರು ಸಲ ಇಡೀ ಮುಖಕ್ಕೆ ಕ್ಲೇ ಮಾಸ್ಕ್ ಹಚ್ಚಿ, ಅದು ಪೂರ್ತಿ ಒಣಗಿ ಬಿರುಕು ಬಿಡುವ ತನಕ, ಸುಮಾರು 40 ನಿಮಿಷ ಬಿಡುತ್ತೇನೆ. ಆಮೇಲೆ ಮುಖ ಬಿಗಿಯುತ್ತದೆಂದು ಕೆಲವು ರಾತ್ರಿ ಶೀಟ್ ಮಾಸ್ಕ್ ಹಾಕಿಕೊಂಡೇ ಮಲಗುತ್ತೇನೆ. ಈಚೆಗೆ ಕೆನ್ನೆ ಉರಿಯುತ್ತಿದೆ, ಮೂಗಿನ ಪಕ್ಕ ಸಿಪ್ಪೆ ಏಳುತ್ತಿದೆ, ಹಣೆಯ ಎಣ್ಣೆ ಹೆಚ್ಚಾದಂತೆಯೇ ಕಾಣುತ್ತಿದೆ. ಎರಡರಲ್ಲಿ ಯಾವುದು ಒಳ್ಳೆಯದು? ಎಷ್ಟು ಹೊತ್ತು ಬಿಡಬೇಕು? ಕೊಲಾಜನ್, ಇದ್ದಿಲು, ಹಯಲುರಾನಿಕ್ ಆಮ್ಲ ಎಂದೆಲ್ಲ ಬರೆದಿರುತ್ತಾರೆ. ಯಾವುದನ್ನು ನೋಡಿ ಕೊಳ್ಳಬೇಕು?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇವತ್ತಿನಿಂದ ಎರಡು ವಾರ ಎರಡೂ ಮಾಸ್ಕ್‌ಗಳನ್ನು ಬಿಟ್ಟುಬಿಡಿ. ಸೌಮ್ಯವಾದ ಫೇಸ್ ವಾಶ್, ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್, ಹಗಲಿನಲ್ಲಿ ಸನ್‌ಸ್ಕ್ರೀನ್, ಇಷ್ಟೇ ಸಾಕು. ನೀವು ಹೇಳಿದ ಉರಿ ಮತ್ತು ಸಿಪ್ಪೆ ಚರ್ಮದ ಮೇಲ್ಪದರ ಸವೆದಿರುವುದರ ಗುರುತು. ಆ ಪದರ ಹಳೆಯದು ಉದುರಿ ಹೊಸದಾಗಲು ಹೆಚ್ಚುಕಡಿಮೆ ಎರಡು ವಾರ ಬೇಕು. ದಿನವೂ ಹಚ್ಚುತ್ತಿದ್ದ ಮಾಯಿಶ್ಚರೈಸರ್ ಕೂಡ ಈಗ ಚುರುಗುಟ್ಟುತ್ತಿದ್ದರೆ ಅನುಮಾನವೇ ಬೇಡ. ಅದು ಮಾಯಿಶ್ಚರೈಸರ್‌ನ ತಪ್ಪಲ್ಲ, ಅದನ್ನು ತಡೆಯಬೇಕಾದ ಗೋಡೆಯಲ್ಲೇ ಸಂದು ಬಿದ್ದಿದೆ.

ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಇವೆರಡೂ ಒಂದೇ ಕೆಲಸಕ್ಕೆ ಪೈಪೋಟಿ ನಡೆಸುವ ವಸ್ತುಗಳಲ್ಲ. ಕ್ಲೇ ಮಾಸ್ಕ್ ಚರ್ಮದ ಮೇಲಿನಿಂದ ಎಣ್ಣೆಯನ್ನು ತೆಗೆಯುತ್ತದೆ. ಶೀಟ್ ಮಾಸ್ಕ್ ಮೇಲ್ಪದರಕ್ಕೆ ನೀರನ್ನು ಕೊಡುತ್ತದೆ. ನಿಮ್ಮ ಹಣೆ, ಮೂಗಿಗೆ ಮೊದಲನೆಯದು ಬೇಕು, ಕೆನ್ನೆಗೆ ಎರಡನೆಯದು. ನೀವು ಮಾಡಿದ್ದು ಎರಡನ್ನೂ ಇಡೀ ಮುಖಕ್ಕೆ, ಎರಡನ್ನೂ ಒಣಗಿ ಗಟ್ಟಿಯಾಗುವ ತನಕ. ಪೆಟ್ಟು ಬಿದ್ದಿರುವುದು ಅಲ್ಲಿ. ಎರಡಕ್ಕೂ ಅನ್ವಯಿಸುವ ನಿಯಮ ಒಂದೇ: ಮಾಸ್ಕ್ ಹಸಿಯಾಗಿರುವಷ್ಟು ಹೊತ್ತು ಲಾಭ, ಒಣಗಿದ ಮೇಲೆ ನಷ್ಟ. ಪೊಟ್ಟಣದ ಮೇಲಿನ ನಿಮಿಷಗಳು ಬರೀ ಅಂದಾಜು. ಫ್ಯಾನಿನ ಕೆಳಗೆ ಕುಳಿತರೆ ತೆಳುವಾದ ಲೇಪ ಐದೇ ನಿಮಿಷಕ್ಕೆ ಒಣಗುತ್ತದೆ, ಮಳೆಗಾಲದ ತೇವದ ಕೋಣೆಯಲ್ಲಿ ದಪ್ಪ ಲೇಪ ಇಪ್ಪತ್ತು ನಿಮಿಷವಾದರೂ ಹಸಿಯಾಗಿಯೇ ಇರುತ್ತದೆ.

ಕ್ಲೇ ವಿಷಯ ತೆಗೆದುಕೊಳ್ಳೋಣ. ಜೇಡಿಮಣ್ಣಿನ ಕಣಗಳು ಬಹಳ ಸಣ್ಣವು, ಬಹುಪಾಲು ಎರಡು ಮೈಕ್ರೋಮೀಟರ್‌ಗಿಂತ ಕಿರಿದು, ಆಕಾರದಲ್ಲಿ ಚಪ್ಪಟೆ. ಚಪ್ಪಟೆ ಕಣಗಳು ಒಂದರ ಮೇಲೊಂದು ಕುಳಿತಾಗ ಅವುಗಳ ನಡುವಿನ ಸಂದುಗಳ ಒಟ್ಟು ಮೇಲ್ಮೈ ಅಗಾಧವಾಗಿರುತ್ತದೆ, ಎಣ್ಣೆ ಅಲ್ಲಿಗೆ ಎಳೆದುಕೊಳ್ಳುತ್ತದೆ. ಮುಖದ ಮೇಲೆ ಇರುವ ಎಣ್ಣೆ ತೀರಾ ತೆಳುವಾದ ಪದರ. ಅದನ್ನು ಹೀರಲು ಮಣ್ಣಿಗೆ ಮುಕ್ಕಾಲು ಗಂಟೆ ಬೇಕಿಲ್ಲ. ಲೇಪ ಪೂರ್ತಿ ಹಸಿಯಾಗಿರುವ ಸ್ಥಿತಿಯಿಂದ ಅರೆ ಒಣಗಿದ ಸ್ಥಿತಿಗೆ ಬರುವಷ್ಟರಲ್ಲಿ ಸಿಗಬೇಕಾದ ಎಣ್ಣೆ ಸಿಕ್ಕಿ ಆಗಿರುತ್ತದೆ. ಕನ್ನಡಿಯಲ್ಲಿ ಹತ್ತಿರದಿಂದ ನೋಡಿದರೆ ಇದು ಕಾಣುತ್ತದೆ: ಮೂಗಿನ ಮೇಲಿನ ಲೇಪ ಬಿಳಿಚಿಕೊಳ್ಳತೊಡಗುವಾಗ ಅಲ್ಲಲ್ಲಿ ಸೂಜಿಮೊನೆಯಷ್ಟು ಕಡುಬಣ್ಣದ ಚುಕ್ಕೆಗಳು ಮೂಡುತ್ತವೆ. ಅವು ರಂಧ್ರಗಳ ಬಾಯಲ್ಲಿದ್ದ ಎಣ್ಣೆ ಮಣ್ಣಿಗೆ ಹತ್ತಿಕೊಂಡ ಗುರುತುಗಳು. ಚುಕ್ಕೆ ಮೂಡಿತೆಂದರೆ ಕೆಲಸ ಮುಗಿಯಿತು ಎಂದರ್ಥ. ಇನ್ನಷ್ಟು ಮೂಡಲಿ ಎಂದು ಕಾಯುವುದು ಬೇಡ.

ಕಾದರೆ ಏನಾಗುತ್ತದೆ? ನೀರು ಆರಿದಂತೆ ಲೇಪ ಕುಗ್ಗುತ್ತದೆ, ಕುಗ್ಗುವಾಗ ತಾನು ಅಂಟಿಕೊಂಡಿರುವ ಚರ್ಮವನ್ನೂ ಎಳೆಯುತ್ತದೆ. ಅದನ್ನೇ ಹಲವರು ಚರ್ಮ ಬಿಗಿಯಾಯಿತು, ರಂಧ್ರ ಮುಚ್ಚಿತು ಎಂದು ಸಂತೋಷಪಡುತ್ತಾರೆ. ಒಣಗಿದ ಮಣ್ಣಿಗೆ ನೀರಿನ ದಾಹ ಹೆಚ್ಚು. ಹೊರಗಿನ ನೀರು ಮುಗಿದ ಮೇಲೆ ಅದು ಚರ್ಮದ ಮೇಲ್ಪದರದ ತೇವಕ್ಕೂ ಕೈ ಹಾಕುತ್ತದೆ. ಈ ಮೇಲ್ಪದರವೆಂದರೆ 15ರಿಂದ 20 ಸಾಲು ಸತ್ತ ಕೋಶಗಳು, ಅವುಗಳ ನಡುವೆ ಕೊಬ್ಬಿನ ಗಾರೆ. ತೇವ ಕಡಿಮೆಯಾದರೆ ಅದು ಗಡುಸಾಗಿ, ನಗುವಾಗ, ಮಾತನಾಡುವಾಗ ಬಾಗುವ ಕಡೆ ಸಣ್ಣಗೆ ಬಿರಿಯುತ್ತದೆ. ಮೂಗಿನ ಪಕ್ಕ ಮೊದಲು ಸಿಪ್ಪೆ ಏಳುವುದು ಅದಕ್ಕೇ.

ಇದಕ್ಕಿಂತ ದೊಡ್ಡ ಹಾನಿ ತೊಳೆಯುವಾಗ ಆಗುತ್ತದೆ, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿರುಕು ಬಿಟ್ಟ ಮಣ್ಣು ಸುಲಭವಾಗಿ ಬಿಡದು. ಉಜ್ಜಬೇಕು, ಉಗುರಿನಿಂದ ಕೆರೆಯಬೇಕು, ಬಿಸಿನೀರು ಸುರಿಯಬೇಕು. ಆ ಒಣ ಕಣಗಳು ಆಗ ಮರಳುಕಾಗದದ ಕೆಲಸ ಮಾಡುತ್ತವೆ. ನಿಮ್ಮ ಕೆನ್ನೆಯ ಉರಿಯಲ್ಲಿ ಅರ್ಧ ಪಾಲು ಈ ಉಜ್ಜಾಟದ್ದು ಎಂದು ನನ್ನ ಊಹೆ.

ಹಣೆಯ ಎಣ್ಣೆ ಹೆಚ್ಚಾಗಿದೆ ಎಂಬುದರ ಬಗ್ಗೆ ಒಂದು ಮಾತು. ಎಣ್ಣೆ ತೆಗೆದಷ್ಟೂ ಗ್ರಂಥಿಗಳು ಹಟಕ್ಕೆ ಬಿದ್ದು ಹೆಚ್ಚು ಸುರಿಸುತ್ತವೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಎಣ್ಣೆ ಗ್ರಂಥಿಗಳು ಮುಖ್ಯವಾಗಿ ಹಾರ್ಮೋನುಗಳ ಮಾತು ಕೇಳುತ್ತವೆ, ಮುಖದ ಮೇಲೆ ಎಣ್ಣೆ ಇದೆಯೋ ಇಲ್ಲವೋ ಎಂದು ಅವು ಇಣುಕಿ ನೋಡುವುದಿಲ್ಲ. ನೀವು ತೊಳೆದ ಕೆಲವೇ ಗಂಟೆಗಳಲ್ಲಿ ಮೊದಲಿನಷ್ಟೇ ಎಣ್ಣೆ ಮತ್ತೆ ಬರುತ್ತದೆ. ಅದು ಮಾಸ್ಕ್ ಹಾಕಿದರೂ ಬರುತ್ತದೆ, ಬಿಟ್ಟರೂ ಬರುತ್ತದೆ. ಈಗ ಅದು ಒಣಗಿ ಒರಟಾದ ಚರ್ಮದ ಮೇಲೆ ಹರಡುತ್ತಿರುವುದರಿಂದ ಹೆಚ್ಚು ಎದ್ದು ಕಾಣುತ್ತದೆ, ಅಷ್ಟೇ. ಆದ್ದರಿಂದ ವಾರಕ್ಕೆ ಮೂರು ಸಲ ಹಚ್ಚಿ ಗ್ರಂಥಿಯನ್ನು ಪಳಗಿಸುತ್ತೇನೆ ಎಂಬ ಲೆಕ್ಕಾಚಾರ ನಡೆಯದು. ಮೂಗಿನ ಮೇಲಿನ ಬೂದು ಚುಕ್ಕೆಗಳ ಕಥೆಯೂ ಇದೇ. ಅವುಗಳಲ್ಲಿ ಹೆಚ್ಚಿನವು ಬ್ಲ್ಯಾಕ್‌ಹೆಡ್ ಅಲ್ಲ, ರಂಧ್ರದಲ್ಲಿ ಸಹಜವಾಗಿ ನಿಲ್ಲುವ ಎಣ್ಣೆಯ ಎಳೆಗಳು. ಮಣ್ಣು ಮೇಲ್ಭಾಗವನ್ನು ಖಾಲಿ ಮಾಡಿದಾಗ ರಂಧ್ರ ಚಿಕ್ಕದಾದಂತೆ ಕಾಣುತ್ತದೆ, ಕೆಲವು ದಿನಗಳಲ್ಲಿ ಮತ್ತೆ ತುಂಬುತ್ತದೆ. ರಂಧ್ರವನ್ನು ಶಾಶ್ವತವಾಗಿ ಕುಗ್ಗಿಸುವ ಮಾಸ್ಕ್ ಯಾವುದೂ ಇಲ್ಲ.

ಎಲ್ಲ ಕ್ಲೇ ಒಂದೇ ಅಲ್ಲ. ಪೊಟ್ಟಣದ ಹಿಂಭಾಗದ ಪದಾರ್ಥಗಳ ಪಟ್ಟಿಯಲ್ಲಿ ಕೇಯೋಲಿನ್ ಎಂದಿದ್ದರೆ ಅದು ನೀರಿನಲ್ಲಿ ಉಬ್ಬದ, ಮೆದುವಾದ ಬಿಳಿ ಮಣ್ಣು. ಹೀರುವ ಶಕ್ತಿ ಸಾಧಾರಣ. ಬೆಂಟೊನೈಟ್ ಇದ್ದರೆ ಅದು ನೀರು ಕುಡಿದು ಹಲವು ಪಟ್ಟು ಉಬ್ಬುತ್ತದೆ, ಒಣಗುವಾಗ ಅಷ್ಟೇ ಜೋರಾಗಿ ಕುಗ್ಗುತ್ತದೆ. ಮುಲ್ತಾನಿ ಮಿಟ್ಟಿಯೂ ಈ ಹೀರುವ ಬಳಗಕ್ಕೆ ಹತ್ತಿರದ್ದು. ಬೆಂಟೊನೈಟ್ ಪುಡಿಯನ್ನು ಬರೀ ನೀರಿನಲ್ಲಿ ಕಲೆಸಿದರೆ ಸಾಮಾನ್ಯವಾಗಿ ಅದರ ಪಿಎಚ್ 8ಕ್ಕಿಂತ ಮೇಲಿರುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ 5ರ ಆಸುಪಾಸು, ಅಂದರೆ ತುಸು ಆಮ್ಲೀಯ. ಎಣ್ಣೆ ಹೆಚ್ಚಿರುವ ಹಣೆ ಇದನ್ನು ಸಹಿಸಿಕೊಂಡೀತು, ಒಣ ಕೆನ್ನೆ ಸಹಿಸದು. ಹಾಗೆಂದು ಪಿಎಚ್ ಸರಿಪಡಿಸಲು ನಿಂಬೆರಸ ಹಿಂಡಬೇಡಿ. ಎಷ್ಟು ಹಿಂಡಿದರೆ ಎಷ್ಟಕ್ಕೆ ಬರುತ್ತದೆ ಎಂಬುದನ್ನು ಅಳೆಯುವ ದಾರಿ ಮನೆಯಲ್ಲಿಲ್ಲ, ಹಸಿ ನಿಂಬೆರಸ ಚರ್ಮದ ಮೇಲಿದ್ದಾಗ ಬಿಸಿಲು ತಾಗಿದರೆ ಸುಟ್ಟ ಕಲೆಯೇ ಉಳಿಯಬಹುದು.

ಹಾಗಾದರೆ ನಿಮ್ಮಂತಹ ಮಿಶ್ರ ಚರ್ಮಕ್ಕೆ ನಾನು ಹೇಳುವುದು ಹೀಗೆ. ಪಟ್ಟಿಯಲ್ಲಿ ಕೇಯೋಲಿನ್ ಮೊದಲು, ಬೆಂಟೊನೈಟ್ ಅದರ ನಂತರ ಬರುವ, ಗ್ಲಿಸರಿನ್ ಮೇಲಿನ ನಾಲ್ಕೈದು ಹೆಸರುಗಳಲ್ಲೇ ಇರುವ ಕಲೆಸಿದ ಕ್ಲೇ ಮಾಸ್ಕ್ ಆರಿಸಿಕೊಳ್ಳಿ. ಗ್ಲಿಸರಿನ್ ನೀರನ್ನು ಹಿಡಿದಿಡುವುದರಿಂದ ಲೇಪ ನಿಧಾನವಾಗಿ ಒಣಗುತ್ತದೆ. ಅದು ತಪ್ಪಿದ ಐದು ನಿಮಿಷವನ್ನು ಮನ್ನಿಸುವ ಮಾಸ್ಕ್. ಪುಡಿಯನ್ನೇ ಬಳಸುವುದಾದರೆ ಎರಡು ಚಮಚ ಪುಡಿಗೆ ನೀರಿನ ಜೊತೆ ಐದಾರು ಹನಿ ಗ್ಲಿಸರಿನ್ ಸೇರಿಸಿ, ಒಂದು ಸಲಕ್ಕೆ ಬೇಕಾದಷ್ಟೇ ಕಲೆಸಿ. ಉಳಿದದ್ದನ್ನು ಮುಚ್ಚಿಟ್ಟು ನಾಳೆ ಬಳಸಬೇಡಿ. ಸಂರಕ್ಷಕವಿಲ್ಲದ ಒದ್ದೆ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ.

ಮುಖ ತೊಳೆದು, ಒರೆಸಿ ಒಣಗಿಸದೆ, ತುಸು ತೇವವಿರುವಾಗಲೇ ಹಣೆ, ಮೂಗು, ಗಲ್ಲಕ್ಕೆ ಮಾತ್ರ ಹಚ್ಚಿ. ಈ ಭಾಗಕ್ಕೆ ಒಂದು ಚಮಚ ಲೇಪ ಸಾಕು. ಕೆಳಗಿನ ಚರ್ಮ ಕಾಣದಷ್ಟು ದಪ್ಪವಿರಲಿ. ತೆಳುವಾಗಿ ಎಳೆದ ಲೇಪ ಬೇಗ ಒಣಗುತ್ತದೆ. ಐದನೆಯ ನಿಮಿಷಕ್ಕೆ ಕನ್ನಡಿ ನೋಡಿ. ಅಂಚುಗಳು, ಮೂಗಿನ ಹೊಳ್ಳೆಯ ಪಕ್ಕ ಮೊದಲು ಬಣ್ಣ ತಿಳಿಯಾಗುತ್ತದೆ. ಆಗ ಹಣೆಯ ನಡುವೆ ಬೆರಳು ಒತ್ತಿ ನೋಡಿ: ಬೆರಳಿಗೆ ಲೇಪ ಮೆತ್ತಿಕೊಂಡರೆ ಇನ್ನೂ ಸಮಯವಿದೆ, ಬೆರಳ ಗುರುತು ಬಿದ್ದು ಏನೂ ಮೆತ್ತಿಕೊಳ್ಳದಿದ್ದರೆ ತೊಳೆಯುವ ಹೊತ್ತು, ಬೆರಳಿಗೆ ಗಟ್ಟಿಯೆನಿಸಿ ಗುರುತೂ ಬೀಳದಿದ್ದರೆ ತಡವಾಗಿದೆ. ಹೆಚ್ಚಿನವರಿಗೆ ಇದು ಎಂಟರಿಂದ ಹನ್ನೆರಡು ನಿಮಿಷದೊಳಗೆ ಬರುತ್ತದೆ. ಅಂಚು ಮುಂದೋಡಿ ಒಣಗಿತೆಂದರೆ ಅಲ್ಲಿಗೆ ಒದ್ದೆ ಬೆರಳು ತಾಗಿಸಿ.

ತೊಳೆಯುವಾಗ ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಲೇಪದ ಮೇಲೆ ಅರ್ಧ ನಿಮಿಷ ಸುಮ್ಮನೆ ಒತ್ತಿ ಹಿಡಿಯಿರಿ. ಮಣ್ಣು ಮತ್ತೆ ಕೆಸರಾಗುತ್ತದೆ, ನೀರು ಚಿಮುಕಿಸಿದರೆ ತಾನೇ ಇಳಿಯುತ್ತದೆ. ಕೂಡಲೇ ಮಾಯಿಶ್ಚರೈಸರ್ ಹಚ್ಚಿ. ವಾರಕ್ಕೊಮ್ಮೆ ಸಾಕು. ಮೊಡವೆಗೆ ಅಡಾಪಲೀನ್ ಅಥವಾ ಟ್ರೆಟಿನಾಯಿನ್ ಹಚ್ಚುವವರು ಆ ರಾತ್ರಿ ಅದನ್ನು ಬಿಡಬೇಕು. ಐಸೋಟ್ರೆಟಿನಾಯಿನ್ ಮಾತ್ರೆ ನುಂಗುವವರಿಗೆ ಕ್ಲೇ ಮಾಸ್ಕ್ ಬೇಡವೇ ಬೇಡ, ಅವರ ಗ್ರಂಥಿಗಳು ಆಗಲೇ ಬತ್ತಿರುತ್ತವೆ.

ಕ್ಲೇ ಮಾಸ್ಕ್‌ನಲ್ಲಿ ಮಣ್ಣಿನ ಹೊರತಾಗಿ ಬೆಲೆಯುಳ್ಳ ಅಂಶಗಳು ನನ್ನ ಪ್ರಕಾರ ಎರಡೇ. ಒಂದು, 0.5ರಿಂದ 2 ಶೇಕಡಾ ಸ್ಯಾಲಿಸಿಲಿಕ್ ಆಮ್ಲ. ಇದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದ ಬಾಯಿಗೆ ಇಳಿದು ಅಲ್ಲಿನ ಸತ್ತ ಕೋಶಗಳನ್ನು ಸಡಿಲಿಸುತ್ತದೆ. ಇನ್ನೊಂದು, ಕೆಂಪು ಮೊಡವೆ ಇರುವವರಿಗೆ ಗಂಧಕ. ವಾಸನೆ ಕೊಳೆತ ಮೊಟ್ಟೆಯದ್ದು, ಆದರೆ ಹಳೆಯ, ಪಳಗಿದ ಮದ್ದು. ಇದ್ದಿಲು ಲೇಪಕ್ಕೆ ಕಪ್ಪು ಬಣ್ಣ ಕೊಡುತ್ತದೆ. ಅದಕ್ಕೂ ಮಿಗಿಲಾಗಿ ಚರ್ಮದಿಂದ ವಿಷ ಎಳೆಯುತ್ತದೆ ಎಂಬ ಜಾಹೀರಾತಿಗೆ ಹಣ ಕೊಡಬೇಡಿ. ಹೀರಬೇಕಾದ ವಿಷವೇ ಅಲ್ಲಿಲ್ಲ. ದೇಹದ ಆ ಕೆಲಸವನ್ನು ಪಿತ್ತಜನಕಾಂಗ ಮತ್ತು ಮೂತ್ರಪಿಂಡ ನೋಡಿಕೊಳ್ಳುತ್ತವೆ. ನಿಮ್ಮ ಉರಿ ಕಡಿಮೆಯಾಗುವ ತನಕ ಸ್ಯಾಲಿಸಿಲಿಕ್ ಆಮ್ಲವೂ ಬೇಡ.

ಇನ್ನು ಶೀಟ್ ಮಾಸ್ಕ್. ಪೊಟ್ಟಣದಲ್ಲಿ ಸಾಮಾನ್ಯವಾಗಿ 20ರಿಂದ 25 ಮಿಲಿಲೀಟರ್ ದ್ರವ ಇರುತ್ತದೆ. ಅದರಲ್ಲಿ ಬಹುಪಾಲು ನೀರು, ಉಳಿದದ್ದು ಗ್ಲಿಸರಿನ್, ಬ್ಯುಟೈಲೀನ್ ಗ್ಲೈಕಾಲ್ ಮುಂತಾದ ನೀರು ಹಿಡಿಯುವ ದ್ರವ್ಯಗಳು, ಮತ್ತೆ ತುಸು ಅಂಟು. ಹತ್ತಿ, ಸೆಲ್ಯುಲೋಸ್ ಅಥವಾ ಜೆಲ್ಲಿಯ ಆ ಹಾಳೆಯ ಕೆಲಸ ಒಂದೇ: ದ್ರವ ಆರಿ ಹೋಗದಂತೆ ಚರ್ಮಕ್ಕೆ ಒತ್ತಿ ಹಿಡಿಯುವುದು. ಅದೇ ದ್ರವವನ್ನು ಬರಿಗೈಯಲ್ಲಿ ಹಚ್ಚಿದರೆ ಎರಡು ನಿಮಿಷಕ್ಕೆ ಆರುತ್ತದೆ. ಹಾಳೆಯ ಕೆಳಗೆ ಹದಿನೈದು ನಿಮಿಷ ಒದ್ದೆಯಾಗಿರುತ್ತದೆ. ಅಷ್ಟರಲ್ಲಿ ಮೇಲ್ಪದರದ ಸತ್ತ ಕೋಶಗಳು ನೀರು ಕುಡಿದು ತುಸು ಉಬ್ಬುತ್ತವೆ, ಸಣ್ಣ ಗೆರೆಗಳು ತುಂಬಿಕೊಂಡು ಮುಖ ಹೊಳೆಯುತ್ತದೆ. ನಿಜವಾದ ಪರಿಣಾಮವೇ ಇದು, ಆದರೆ ಕೆಲವು ಗಂಟೆಗಳದ್ದು. ಮರುದಿನ ಬೆಳಿಗ್ಗೆ ಅದನ್ನು ಹುಡುಕಿ ನಿರಾಶರಾಗಬೇಡಿ.

ಹದಿನೈದರಿಂದ ಇಪ್ಪತ್ತು ನಿಮಿಷಕ್ಕೆ, ಹಾಳೆ ಇನ್ನೂ ಒದ್ದೆಯಾಗಿರುವಾಗಲೇ ತೆಗೆಯಬೇಕು. ಇಲ್ಲಿಯೂ ಅಂಚನ್ನು ನೋಡಿ. ಗಲ್ಲದ ಕೆಳಗೆ, ಹಣೆಯ ಮೇಲಂಚಿನಲ್ಲಿ ಹಾಳೆ ಕಾಗದದಂತೆ ಸೆಟೆದು ಏಳತೊಡಗಿದರೆ, ಗಡಿಯಾರದಲ್ಲಿ ಹತ್ತೇ ನಿಮಿಷವಾಗಿದ್ದರೂ ಮುಗಿಯಿತು. ಒಣ ಹಾಳೆ ಚರ್ಮದ ನೀರನ್ನೆಲ್ಲ ವಾಪಸ್ ಹೀರಿಬಿಡುತ್ತದೆ ಎಂದು ಹೆದರಿಸುವವರಿದ್ದಾರೆ, ಅದು ಉತ್ಪ್ರೇಕ್ಷೆ. ಆಗುವುದು ಇಷ್ಟು: ನೀರು ಗಾಳಿಗೆ ಹೋಗುತ್ತದೆ, ನೀರಿನಲ್ಲಿ ಕರಗಿದ್ದ ಸುಗಂಧ, ಸಂರಕ್ಷಕ, ಗ್ಲೈಕಾಲ್ ಮಾತ್ರ ಚರ್ಮದ ಮೇಲೆ ಗಟ್ಟಿಯಾಗಿ ಉಳಿಯುತ್ತವೆ. ಜೊತೆಗೆ ಸೆಟೆದ ಹಾಳೆ ತಿಕ್ಕುತ್ತದೆ. ನಿಮ್ಮಂತೆ ರಾತ್ರಿಯಿಡೀ ಬಿಟ್ಟರೆ ಮೊದಲ ಗಂಟೆ ಚರ್ಮ ಅತಿಯಾಗಿ ನೆನೆಯುತ್ತದೆ, ಉಳಿದ ಗಂಟೆಗಳು ಈ ಗಟ್ಟಿ ದ್ರಾವಣದಲ್ಲಿ ಕಳೆಯುತ್ತವೆ. ನೆನೆದು ಉಬ್ಬಿದ ಮೇಲ್ಪದರ ಬೇಡದ ವಸ್ತುಗಳನ್ನೂ ಸುಲಭವಾಗಿ ಒಳಗೆ ಬಿಡುತ್ತದೆ. ಮಣ್ಣಿನಿಂದ ಆಗಲೇ ಸವೆದ ಕೆನ್ನೆಗೆ ಇದನ್ನು ಹಾಕಿದಿರಿ. ಬಿಗಿತಕ್ಕೆಂದು ಮಾಡಿದ ಉಪಚಾರವೇ ಉರಿಯನ್ನು ಹೆಚ್ಚಿಸಿದೆ.

ಹಾಳೆ ತೆಗೆದ ಮೇಲೆ ಮುಖ ತೊಳೆಯುವುದು ಬೇಡ. ಉಳಿದ ದ್ರವವನ್ನು ತಟ್ಟಿ, ಜಿಗುಟು ತುಸು ಕಡಿಮೆಯಾದ ಕೂಡಲೇ ಮೇಲೆ ಮಾಯಿಶ್ಚರೈಸರ್ ಹಚ್ಚಿ. ಇದನ್ನು ಬಿಡುವವರೇ ಹೆಚ್ಚು. ಗ್ಲಿಸರಿನ್ ನೀರನ್ನು ಹಿಡಿಯುತ್ತದೆ, ಆದರೆ ಮುಚ್ಚಳ ಹಾಕುವುದಿಲ್ಲ. ಮುಚ್ಚಳದ ಕೆಲಸಕ್ಕೆ ಡೈಮೆಥಿಕೋನ್, ಪೆಟ್ರೋಲಾಟಮ್, ಸೆರಮೈಡ್ ಇರುವ ಕ್ರೀಮ್ ಬೇಕು. ಪೊಟ್ಟಣದ ತಳದಲ್ಲಿ ಉಳಿದ ದ್ರವವನ್ನು ಕತ್ತು, ಮೊಳಕೈಗೆ ಹಚ್ಚಿ ಮುಗಿಸಿ. ತೆರೆದ ಪೊಟ್ಟಣವನ್ನು ನಾಳೆಗೆ ಇಡಬೇಡಿ.

ಈಗ ಪಟ್ಟಿ ಓದುವ ವಿಷಯ. ಇದನ್ನು ಕಲಿತರೆ ಮುಂಭಾಗದ ದೊಡ್ಡ ಅಕ್ಷರಗಳ ಹಂಗು ಇರುವುದಿಲ್ಲ. ಒಂದು ಉದಾಹರಣೆ ಹಿಡಿಯೋಣ. ಮುಂಭಾಗದಲ್ಲಿ ಕೊಲಾಜನ್ ಮತ್ತು ಹಯಲುರಾನಿಕ್ ಎಂದು ದಪ್ಪಕ್ಷರದಲ್ಲಿದೆ ಅನ್ನಿ. ಹಿಂಭಾಗದಲ್ಲಿ ಈ ಕ್ರಮ: ನೀರು, ಬ್ಯುಟೈಲೀನ್ ಗ್ಲೈಕಾಲ್, ಗ್ಲಿಸರಿನ್, ನಿಯಾಸಿನಮೈಡ್, ಪ್ಯಾಂಥೆನಾಲ್, ಫಿನಾಕ್ಸಿಎಥನಾಲ್, ಕಾರ್ಬೋಮರ್, ಸೋಡಿಯಂ ಹಯಲುರೋನೇಟ್, ಸೆಂಟೆಲ್ಲಾ ಸಾರ, ಹೈಡ್ರೊಲೈಸ್ಡ್ ಕೊಲಾಜನ್, ಸುಗಂಧ. ಪಟ್ಟಿಯಲ್ಲಿ ಹೆಸರುಗಳು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರುತ್ತವೆ. ಆದರೆ ಒಂದು ಶೇಕಡಾಕ್ಕಿಂತ ಕಡಿಮೆ ಇರುವವುಗಳನ್ನು ತಯಾರಕರು ತಮಗೆ ತೋಚಿದ ಕ್ರಮದಲ್ಲಿ ಬರೆಯಬಹುದು. ಆ ಒಂದು ಶೇಕಡಾದ ಗೆರೆ ಎಲ್ಲಿದೆ ಎಂದು ಹೇಗೆ ತಿಳಿಯುವುದು? ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಹುಡುಕಿ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಅದನ್ನು ಒಂದು ಶೇಕಡಾಕ್ಕಿಂತ ಹೆಚ್ಚು ಬಳಸುವಂತಿಲ್ಲ, ಬೇರೆ ಕಡೆಯ ತಯಾರಕರೂ ಬಹುಮಟ್ಟಿಗೆ ಆ ಮಿತಿಯನ್ನೇ ಪಾಲಿಸುತ್ತಾರೆ. ಹಾಗಾಗಿ ಅದರ ನಂತರ ಬರುವುದೆಲ್ಲ ಒಂದು ಶೇಕಡಾ ಅಥವಾ ಅದಕ್ಕಿಂತ ಕಡಿಮೆ.

ನಮ್ಮ ಉದಾಹರಣೆಯಲ್ಲಿ ಗೆರೆಯ ಮೇಲೆ ಇರುವವು ಗ್ಲಿಸರಿನ್, ನಿಯಾಸಿನಮೈಡ್, ಪ್ಯಾಂಥೆನಾಲ್. ಇದನ್ನು ನೋಡಿಯೇ ನಾನು ಈ ಪೊಟ್ಟಣವನ್ನು ಕೊಂಡೇನು, ಮುಂಭಾಗದಲ್ಲಿ ಇವುಗಳ ಹೆಸರೇ ಇಲ್ಲದಿದ್ದರೂ! ಗ್ಲಿಸರಿನ್ ಅಗ್ಗದ್ದು, ಹಳೆಯದ್ದು, ನೀರು ಹಿಡಿಯುವುದರಲ್ಲಿ ಅದನ್ನು ಮೀರಿಸಿದವು ಕಡಿಮೆ. ನಿಯಾಸಿನಮೈಡ್ ಎಂದರೆ ಬಿ3 ಜೀವಸತ್ವದ ಒಂದು ರೂಪ, ಎರಡರಿಂದ ಐದು ಶೇಕಡಾ ಪ್ರಮಾಣದಲ್ಲಿ ಮೇಲ್ಪದರದ ಕೊಬ್ಬನ್ನು ಬಲಪಡಿಸಲು, ಕಲೆ ತಿಳಿಯಾಗಿಸಲು ನೆರವಾಗುತ್ತದೆ. ಆದರೆ ಅದು ದಿನವೂ ವಾರಗಟ್ಟಲೆ ಹಚ್ಚಿದರೆ ಮಾತ್ರ. ಪ್ರತಿದಿನದ ಸೀರಮ್‌ನಲ್ಲಿ ಅದಿದ್ದರೆ ಮಾಸ್ಕ್‌ನಲ್ಲಿ ಇಲ್ಲದಿದ್ದರೂ ನಡೆಯುತ್ತದೆ. ಪ್ಯಾಂಥೆನಾಲ್ ಉರಿ ಶಮನಕ್ಕೆ ಒಳ್ಳೆಯದು, ನಿಮ್ಮ ಈಗಿನ ಸ್ಥಿತಿಗೆ ಇದನ್ನೇ ಹುಡುಕಿ.

ಗೆರೆಯ ಕೆಳಗೆ ಇರುವುದೆಲ್ಲ ದಂಡ ಎಂದಲ್ಲ. ಹಯಲುರಾನಿಕ್ ಆಮ್ಲದ ಲವಣರೂಪವಾದ ಸೋಡಿಯಂ ಹಯಲುರೋನೇಟ್ ಶೇಕಡಾ 0.1ರಷ್ಟಿದ್ದರೂ ಚರ್ಮದ ಮೇಲೆ ನೀರು ಹಿಡಿಯುವ ತೆಳು ಪೊರೆ ಕಟ್ಟುತ್ತದೆ. ಅದರ ದೊಡ್ಡ ಅಣುಗಳು ಒಳಗೆ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಕೊಲಾಜನ್ ಕಥೆ ಬೇರೆ. ಆರೋಗ್ಯವಂತ ಚರ್ಮವನ್ನು ದಾಟಬಲ್ಲ ಅಣುವಿನ ತೂಕ ಸುಮಾರು 500 ಡಾಲ್ಟನ್‌ಗಿಂತ ಕಡಿಮೆ ಇರಬೇಕು ಎಂಬುದು ಚರ್ಮಶಾಸ್ತ್ರದಲ್ಲಿ ಬಳಕೆಯಲ್ಲಿರುವ ಅಳತೆ. ಇಡೀ ಕೊಲಾಜನ್ ಅಣುವಿನ ತೂಕ ಸುಮಾರು ಮೂರು ಲಕ್ಷ. ತುಂಡರಿಸಿದ ಹೈಡ್ರೊಲೈಸ್ಡ್ ಕೊಲಾಜನ್‌ನ ತುಂಡುಗಳೂ ಸಾಮಾನ್ಯವಾಗಿ ಸಾವಿರಗಳ ಲೆಕ್ಕದವು. ಅದು ಮೇಲೆ ಕುಳಿತು ತೇವ ಹಿಡಿಯುತ್ತದೆ, ಒಳಗಿನ ಕೊಲಾಜನ್‌ಗೆ ಹೋಗಿ ಸೇರಿಕೊಳ್ಳುವುದಿಲ್ಲ. ಅದಕ್ಕಾಗಿ ಹೆಚ್ಚು ಬೆಲೆ ತೆರುವುದು ವ್ಯರ್ಥ. ಸಿ ಜೀವಸತ್ವ ಎಂದು ಬರೆದಿದ್ದರೂ ನನಗೆ ಉತ್ಸಾಹವಿಲ್ಲ. ಅದರ ಮೂಲರೂಪವಾದ ಆಸ್ಕಾರ್ಬಿಕ್ ಆಮ್ಲ ನೀರಿನಲ್ಲಿ ಬೇಗ ಕೆಡುತ್ತದೆ, ಚರ್ಮಕ್ಕೆ ಇಳಿಯಲು 3.5ಕ್ಕಿಂತ ಕಡಿಮೆ ಪಿಎಚ್ ಬೇಕು. ಅಷ್ಟು ಆಮ್ಲೀಯ ಒದ್ದೆ ಹಾಳೆಯನ್ನು ಇಪ್ಪತ್ತು ನಿಮಿಷ ಮುಖಕ್ಕೆ ಕಟ್ಟಿಕೊಳ್ಳುವುದು ಉರಿಗೆ ಆಹ್ವಾನ.

ನಾನು ಪಟ್ಟಿಯಲ್ಲಿ ಮೊದಲು ಹುಡುಕುವುದು ಬೇಡದ್ದನ್ನು. ಶೀಟ್ ಮಾಸ್ಕ್‌ನ ದ್ರವವನ್ನು ತೊಳೆಯುವುದಿಲ್ಲ, ಹಾಳೆಯ ಕೆಳಗೆ ಅದು ಹೆಚ್ಚು ಇಳಿಯುತ್ತದೆ, ಆದ್ದರಿಂದ ಸುಗಂಧದ ಅಲರ್ಜಿಗೆ ಇಲ್ಲಿ ಒಳ್ಳೆಯ ಅವಕಾಶ. ಸುಗಂಧ, ಪರ್ಫ್ಯೂಮ್, ಫ್ರೇಗ್ರೆನ್ಸ್, ಲಿನಲೂಲ್, ಲಿಮೋನೀನ್, ಯಾವುದಾದರೊಂದು ಸಾರಭೂತ ತೈಲ, ಈ ಹೆಸರುಗಳಿದ್ದರೆ ನಿಮ್ಮ ಕೆನ್ನೆಗೆ ಅದು ಬೇಡ. ನೈಸರ್ಗಿಕ ಎಂಬ ಪದದಿಂದ ಸಮಾಧಾನ ತಂದುಕೊಳ್ಳಬೇಡಿ, ಲಿಮೋನೀನ್ ಬರುವುದೇ ಕಿತ್ತಳೆ ಸಿಪ್ಪೆಯಿಂದ. ಇನ್ನೊಂದು ಹೆಸರು ಮಿಥೈಲ್‌ಐಸೋಥಯಾಜೋಲಿನೋನ್. ಈ ಸಂರಕ್ಷಕದಿಂದ ಅಲರ್ಜಿ ಎಷ್ಟು ಹೆಚ್ಚಿತೆಂದರೆ, ತೊಳೆಯದೆ ಬಿಡುವ ಸೌಂದರ್ಯವರ್ಧಕಗಳಲ್ಲಿ ಅದನ್ನು ಯುರೋಪಿಯನ್ ಒಕ್ಕೂಟ 2017ರಿಂದ ನಿಷೇಧಿಸಿದೆ. ಡಿನೇಚರ್ಡ್ ಆಲ್ಕೋಹಾಲ್ ಪಟ್ಟಿಯ ಮೊದಲ ಮೂರ್ನಾಲ್ಕು ಹೆಸರುಗಳಲ್ಲಿದ್ದರೂ ವಾಪಸ್ ಇಡಿ.

ಎರಡು ವಾರ ಕಳೆದು, ಸಾದಾ ಮಾಯಿಶ್ಚರೈಸರ್ ಹಚ್ಚಿದಾಗ ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಆರಂಭಿಸಬಹುದು, ಒಂದೊಂದಾಗಿ. ಮೊದಲ ವಾರ ಕೆನ್ನೆಗೆ ಸುಗಂಧವಿಲ್ಲದ ಶೀಟ್ ಮಾಸ್ಕ್ ಮಾತ್ರ, ಹದಿನೈದು ನಿಮಿಷ. ಅದು ಒಗ್ಗಿದರೆ ಮುಂದಿನ ವಾರ ಹಣೆ, ಮೂಗು, ಗಲ್ಲಕ್ಕೆ ಕ್ಲೇ. ಇನ್ನು ಮುಂದೆ ಎರಡನ್ನೂ ಒಂದೇ ಸಂಜೆ ಮಾಡಬೇಕೆನಿಸಿದರೆ ಕ್ಲೇ ಮೊದಲು, ಶೀಟ್ ಆಮೇಲೆ. ಆದರೆ ಆಗಷ್ಟೇ ಮಣ್ಣು ತೊಳೆದ ಚರ್ಮಕ್ಕೆ ಹಾಕುವ ಹಾಳೆಯಲ್ಲಿ ಸ್ಯಾಲಿಸಿಲಿಕ್‌ನಂತಹ ಆಮ್ಲ, ಸಿ ಜೀವಸತ್ವ, ಸುಗಂಧ ಇರಬಾರದು. ಕ್ಷೌರ ಅಥವಾ ವ್ಯಾಕ್ಸಿಂಗ್ ಮಾಡಿದ ದಿನ ಎರಡೂ ಬೇಡ.

ಹೊಸ ಶೀಟ್ ಮಾಸ್ಕ್ ಕೊಂಡಾಗ ಮೊದಲ ಪೊಟ್ಟಣವನ್ನು ಪರೀಕ್ಷೆಗೆ ಎಂದುಕೊಳ್ಳಿ. ಅದರ ದ್ರವವನ್ನು ಶುದ್ಧವಾದ ಸಣ್ಣ ಬಾಟಲಿಗೆ ಹಿಂಡಿ ಫ್ರಿಜ್‌ನಲ್ಲಿಟ್ಟು, ಮೊಳಕೈಯ ಒಳಮಗ್ಗುಲಿಗೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ನಾಳೆಗೆ ಇಡಬೇಡಿ ಎಂದದ್ದು ಮುಖಕ್ಕೆ ಹಚ್ಚುವ ಮಾತಾಯಿತು. ಅಲರ್ಜಿ ಅದೇ ದಿನ ಕಾಣಿಸಿಕೊಳ್ಳಬೇಕೆಂದಿಲ್ಲ, ಎರಡು ಮೂರು ದಿನ ತಡವಾಗಿ ಬರುವುದೇ ಹೆಚ್ಚು. ಹಚ್ಚಿದ ಕೂಡಲೇ ಉರಿದು ತೊಳೆದರೆ ಇಳಿಯುವುದು ಸಾಮಾನ್ಯವಾಗಿ ಕೆರಳಿಕೆ. ಮರುದಿನ ಅಥವಾ ಅದರ ಮರುದಿನ ತುರಿಕೆಯೊಂದಿಗೆ ಕೆಂಪಾಗಿ, ಸಣ್ಣ ಗುಳ್ಳೆ ಎದ್ದು, ಮಾಸ್ಕ್ ತಾಗದ ಕಣ್ಣರೆಪ್ಪೆಯೂ ಊದಿಕೊಂಡರೆ ಅದು ಅಲರ್ಜಿಯ ಲಕ್ಷಣ. ಹಾಗಾದರೆ, ಅಥವಾ ಎರಡು ವಾರ ಎಲ್ಲವನ್ನೂ ಬಿಟ್ಟ ಮೇಲೂ ಮೂಗಿನ ಪಕ್ಕದ ಸಿಪ್ಪೆ ಹಾಗೆಯೇ ಉಳಿದರೆ ಚರ್ಮವೈದ್ಯರನ್ನು ಕಾಣಿ. ಮೂಗಿನ ಪಕ್ಕ, ಹುಬ್ಬಿನ ನಡುವೆ ಹಳದಿ ಮಿಶ್ರಿತ ಜಿಡ್ಡು ಸಿಪ್ಪೆ ಪದೇ ಪದೇ ಬರುವುದಕ್ಕೆ ಸೆಬೊರಿಕ್ ಡರ್ಮಟೈಟಿಸ್ ಎಂಬ ಬೇರೆಯದೇ ಕಾರಣ ಇರಬಹುದು. ಅದಕ್ಕೆ ಔಷಧ ಬೇರೆ, ಮಾಸ್ಕ್‌ನಿಂದ ಅದು ಹೋಗದು. ಹೋಗುವಾಗ ಬಳಸಿದ ಮಾಸ್ಕ್‌ಗಳ ಪೊಟ್ಟಣಗಳನ್ನು ಎಸೆಯದೆ ಜೊತೆಗೆ ಒಯ್ಯಿರಿ. ಪ್ಯಾಚ್ ಪರೀಕ್ಷೆ ಮಾಡಬೇಕಾಗಿ ಬಂದರೆ ವೈದ್ಯರಿಗೆ ಬೇಕಾಗುವುದು ಹಿಂಭಾಗದ ಆ ಪಟ್ಟಿಯೇ.